ಜಲಜಾಕ್ಷಿ ಕಟ್ಟಿದ ವರ್ಷಗಳ ಹಗ್ಗ

ನನ್ನ ಗಂಡ ಕಾದಂಬರಿ ಬರೆಯುತ್ತಾರೆ ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಹುಡುಗ ರೈಲ್ವೆಯಲ್ಲಿ ಗುಮಾಸ್ತ, ಮದರಾಸಿನ ಹಳೇ ಮನೆತನ, ಕಾಫಿ ಬಿಟ್ಟರೆ ಬೇರೆ ಚಟವಿಲ್ಲ ಎಂದಷ್ಟೇ ಗಂಡಿನ ಕಡೆಯವರು ಮೈಸೂರಿಗೆ ಬಂದು ಹೇಳಿದ್ದರು. ಈ ಚಟದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೂ ನಮ್ಮಪ್ಪ ಒಪ್ಪುತ್ತಿದ್ದರೆನ್ನಿ. ಕುಡಿತವಲ್ಲ, ಇಸ್ಪೀಟಲ್ಲ, ಕಾಗದ ಮಸಿಯಾದರೆ ಆಗಲಿ ಬಿಡು ಅನ್ನುತ್ತಿದ್ದರು.

ಆದರೆ ನಾನು ಹೇಳಹೊರಟಿರುವುದು ನನ್ನ ಗಂಡನ ವಿಚಾರವಲ್ಲ. ಮದರಾಸಿನ ಕೀಲ್ಪಾಕಿನ ನಮ್ಮ ವಠಾರದ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ಜಲಜಾಕ್ಷಿಯ ವಿಚಾರ. ಉಡುಪಿ ಕಡೆಯವರು. ಒಂಟಿ ಹೆಂಗಸು. ವಿಮಾ ಕಚೇರಿಯೊಂದರಲ್ಲಿ ಕೆಲಸ, ಅದೂ ಜನರ ವಯಸ್ಸು ನೋಡುವ ಕೆಲಸ. ಪಾಲಿಸಿ ಮಾಡಿಸಲು ಬಂದವನು ನನಗೆ ಮೂವತ್ತೈದು ಎಂದರೆ ಇವರು ಅವನ ಜಾತಕ, ಶಾಲೆಯ ಸರ್ಟಿಫಿಕೇಟು, ರೇಷನ್ ಕಾರ್ಡು ಮೂರನ್ನೂ ಪಕ್ಕಪಕ್ಕ ಇಡುತ್ತಿದ್ದರು. ಮೂರರಲ್ಲೂ ಮೂರು ವಯಸ್ಸು. ಸತ್ತವನಿಗೆ ಮಾತ್ರ ಒಂದೇ ವಯಸ್ಸು ಇರ್ತದೆ, ಅದೂ ಗ್ಯಾರಂಟಿ ಇಲ್ಲ ಎನ್ನುತ್ತಿದ್ದರು.

ಅವರ ಸ್ವಂತ ವಯಸ್ಸಿನ ಕಥೆ ಕೇಳಿದರೆ ನಗು ಬರುತ್ತದೆ. ಶಾಲೆಗೆ ಸೇರಿಸುವಾಗ ಅವರ ಸೋದರಮಾವ ಬಾಯಿಗೆ ಬಂದ ಇಸವಿ ಬರೆಸಿದರಂತೆ. ಕಾಗದದ ಮೇಲೆ ಎರಡು ವರ್ಷ ದೊಡ್ಡವರಾಗಿಬಿಟ್ಟರು. ಊರವರ ವಯಸ್ಸನ್ನೆಲ್ಲ ತಿದ್ದಿದ ಹೆಂಗಸಿಗೆ ತನ್ನ ವಯಸ್ಸು ತಿದ್ದಿಸಿಕೊಳ್ಳಲು ಕೊನೆಯವರೆಗೂ ಆಗಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ನೀರು ಹಿಡಿಯುವ ಸಾಲಿನಲ್ಲಿ ಯಾರಾದರೂ ಕೆದಕಿದರೆ, "ಜಾತಕದ ಇಸವಿಗೂ ಶಾಲೆಯ ಇಸವಿಗೂ ತಾಳೆ ಆಗ್ಲಿಲ್ಲ ಮಾರಾಯ್ರೆ, ಹಾಗೆ ಬಿಟ್ಟೆ" ಎಂದು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಮದರಾಸಿನವರು ಇಂಥ ಗಟ್ಟಿಗರನ್ನು ಎಂಡನ್ ಎನ್ನುತ್ತಾರೆ. ಮೊದಲನೇ ಮಹಾಯುದ್ಧದಲ್ಲಿ ಈ ಊರಿನ ಮೇಲೆ ಗುಂಡು ಹಾರಿಸಿ ಹೋದ ಜರ್ಮನ್ ಹಡಗಿನ ಹೆಸರು ಅದು. ನಾನೂ ಅವರನ್ನು ಬೆನ್ನ ಹಿಂದೆ ಎಂಡನ್ ಎಂದೇ ಕರೆಯುತ್ತಿದ್ದೆ. ಆ ಹಡಗು ಮುಂದೆ ನಮ್ಮ ಮನೆಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ನನ್ನವರು ಪಂಢರಿನಾಥ ರಾವ್. ಅವರ ಮೊದಲನೇ ಕಾದಂಬರಿ ಬೆಂಗಳೂರಿನ ವಾರಪತ್ರಿಕೆಯ ಸ್ಪರ್ಧೆಗೆ ಹೋಗಿ ವಾಪಸು ಬಂದಿತ್ತು. ಜೊತೆಗೆ ಒಂದು ಸಾಲಿನ ಚೀಟಿ. ಏಳನೇ ಅಧ್ಯಾಯದಲ್ಲಿ ತೀರಿಕೊಂಡ ಚಿಕ್ಕಪ್ಪ ಹದಿನೆಂಟನೇ ಅಧ್ಯಾಯದಲ್ಲಿ ಕಾಫಿ ಕುಡಿಯುತ್ತಿದ್ದಾರೆ, ಗಮನಿಸಿ, ಎಂದು. ನಾನು ನಕ್ಕೆ. ಅವರು ನಗಲಿಲ್ಲ. ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಐದು ವರ್ಷ ಕೂತು ಇನ್ನೊಂದು ಬರೆದರು. ಅವರ ಅಜ್ಜಿಯ ಕಥೆ. ಮೂರು ತಲೆಮಾರು, ಮದರಾಸಿನಲ್ಲಿ ತೊಂಬತ್ತು ವರ್ಷ, ನಾನೂರು ಹಾಳೆ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಅದೇ ಪತ್ರಿಕೆ ಮತ್ತೆ ಸ್ಪರ್ಧೆ ಕರೆಯಿತು, ಮೇ ಕೊನೆಗೆ ತಲುಪಬೇಕು. "ಇದೂ ವಾಪಸ್ ಬಂದ್ರೆ ಪೋದುಂ, ಸಾಕು ರುಕ್ಮಾ, ಬಚ್ಚಲ ಒಲೆಗೆ ಹಾಕಿಬಿಡು" ಎಂದರು. ಹೇಳಿದ ರೀತಿ ನೋಡಿದರೆ ಹಾಳೆಗಳ ಜೊತೆ ಪೆನ್ನನ್ನೂ ಹಾಕುವವರ ಹಾಗಿತ್ತು. ಅದು ಕೇಳಿ ನನಗೆ ಹೆದರಿಕೆಯಾಯಿತು. ಈ ಮನುಷ್ಯ ಬರೆಯದೆ ಕೂತರೆ ಮನೆಯಲ್ಲಿ ಏನು ಮಾಡುತ್ತಾರೆ? ನನ್ನ ಅಡುಗೆಯಲ್ಲಿ ತಪ್ಪು ಹುಡುಕುತ್ತಾರೆ. ತಮಾಷೆ ಬಿಡಿ, ನಿಜಕ್ಕೂ ನನಗೆ ಸಂಕಟವಾಯಿತು.

ರುಕ್ಮಾ ಎಂದರೆ ನಾನೇ. ತವರಿನಲ್ಲಿ ನಾನು ಕಲಾವತಿ. ನನ್ನವರ ಮನೆಯಲ್ಲಿ ಸೊಸೆಗೆ ಗಂಡನ ಹೆಸರಿಗೆ ಹೊಂದುವ ಹೆಸರಿಡುವುದು ಪದ್ಧತಿ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ ಗಂಡ ಉಂಗುರದಲ್ಲಿ ಬರೆಯುತ್ತಾನೆ. ಪಂಢರಿನಾಥನ ಹೆಂಡತಿ ರುಕ್ಮಾಬಾಯಿಯೇ ಆಗಬೇಕು, ಮುಗಿಯಿತು. ಸಂಜೆ ಅದೇ ಅಕ್ಕಿಯಿಂದ ಅನ್ನ ಮಾಡಿದರು, ಎಲ್ಲರೂ ಉಂಡರು. ಐವತ್ತೈದರಲ್ಲಿ ನಡೆದದ್ದು. ಆ ಮನೆಯಲ್ಲಿ "ಮೊದಲು ನಿನ್ನ ಹೆಸರೇನಿತ್ತಮ್ಮ?" ಎಂದು ಕೇಳಿದ್ದು ಒಬ್ಬರೇ, ನನ್ನವರ ಅಜ್ಜಿ ರಮಾಬಾಯಿ. ಕೆಂಪು ಸೀರೆ, ಬೋಳಿಸಿದ ತಲೆ, ಬಾಯಲ್ಲಿ ಹಲ್ಲಿಲ್ಲ. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಮೆಲ್ಲಗೆ ಕಲಾವತಿ ಎಂದು ಕರೆಯುತ್ತಿದ್ದರು. ಮೂರು ವರ್ಷ ಕರೆದರು, ಆಮೇಲೆ ಹೋಗಿಬಿಟ್ಟರು. ಆ ಹೆಸರೂ ಅವರ ಜೊತೆಗೇ ಹೋಯಿತು.

ಜಲಜಾಕ್ಷಿಯನ್ನು ಕರೆತಂದವಳು ನಾನೇ. ಒಂದು ಭಾನುವಾರ ಮೇಲೆ ಹೋಗಿ, "ನೀವು ಊರವರ ವಯಸ್ಸೆಲ್ಲ ನೋಡ್ತೀರಲ್ಲ, ನಮ್ಮನೆಯವರ ಕಾದಂಬರಿಯಲ್ಲಿರೋರ ವಯಸ್ಸೂ ಸ್ವಲ್ಪ ನೋಡಿ" ಎಂದೆ. ಅವರು ಕೇಳಿದ ಮೊದಲ ಪ್ರಶ್ನೆ, ಕಥೆ ಏನು ಎಂದಲ್ಲ. "ಎಷ್ಟು ಜನ ಉಂಟು?" ಎಂದು.

ಅವರ ಕೆಲಸದ ಕ್ರಮ ನೋಡಿ ನನ್ನ ಗಂಡ ಮೊದಲು ಸಿಡಿಮಿಡಿಗೊಂಡರು. ಕಾದಂಬರಿಯನ್ನು ಕಾದಂಬರಿಯ ಹಾಗೆ ಓದುವುದೇ ಇಲ್ಲ. ಮೊದಲನೇ ಸಲ ಓದಿದ್ದು ಬರೀ ಹೆಸರುಗಳಿಗೆ. ಯಾರು, ಯಾರ ಮಗ, ಯಾರು ಯಾರನ್ನು ಏನೆಂದು ಕರೆಯುತ್ತಾರೆ. ಎರಡನೇ ಸಲ ಬರೀ ವಯಸ್ಸಿಗೆ. ಮೂರನೇ ಸಲ ತಿಂಗಳು, ವಾರ, ಹಬ್ಬ, ಋತುಗಳಿಗೆ. "ಕಥೆ ಓದ್ಲಿಕ್ಕೆ ಕೂತರೆ ಕಣ್ಣು ಕಥೆಯ ಹಿಂದೆ ಓಡ್ತದೆ, ತಪ್ಪು ಕಾಣುದಿಲ್ಲ" ಎಂದರು. ನಾನು ಅಡುಗೆಮನೆಯಿಂದ ಇಣುಕಿ ಇಣುಕಿ ನೋಡುತ್ತಿದ್ದೆ. ಸಾರು ಎರಡು ಸಲ ಉಕ್ಕಿತು.

ನಮ್ಮ ನಡುಮನೆಯಲ್ಲಿ ಮಳೆಗಾಲಕ್ಕೆಂದು ಬಟ್ಟೆ ಒಣಹಾಕುವ ಹಗ್ಗವೊಂದಿತ್ತು. ಜಲಜಾಕ್ಷಿ ಅದನ್ನು ಬಿಚ್ಚಿ ಈ ಗೋಡೆಯಿಂದ ಆ ಗೋಡೆಗೆ ಬಿಗಿಯಾಗಿ ಕಟ್ಟಿದರು. ದಿನಕ್ಕೊಂದು ಹರಿಯುವ ಕ್ಯಾಲೆಂಡರಿನ ಹಳೇ ಹಾಳೆಗಳನ್ನು ಕಚೇರಿಯಿಂದ ತಂದರು. ಕಾದಂಬರಿಯಲ್ಲಿ ನಡೆಯುವ ಒಂದೊಂದು ಸಂಗತಿಗೂ ಒಂದು ಹಾಳೆ. ಹಿಂಬದಿಯಲ್ಲಿ ಸಂಗತಿ, ಇಸವಿ, ಆಗ ಯಾರಿಗೆ ಎಷ್ಟು ವಯಸ್ಸು, ಎಷ್ಟನೇ ಪುಟದಲ್ಲಿ ಇದೆ. ಅಧ್ಯಾಯದ ಕ್ರಮದಲ್ಲಿ ಅಲ್ಲ, ಇಸವಿಯ ಕ್ರಮದಲ್ಲಿ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಹಾಕಿದರು. ಕಾದಂಬರಿಯಲ್ಲಿ ಹಿಂದೆ ಮುಂದೆ ಬಂದದ್ದೆಲ್ಲ ಹಗ್ಗದ ಮೇಲೆ ಸಾಲಾಗಿ ನಿಂತಿತು. ಫ್ಯಾನ್ ಹಾಕಿದರೆ ತೊಂಬತ್ತು ವರ್ಷಗಳೂ ಪಟಪಟ ಅನ್ನುತ್ತಿದ್ದವು. ಮೇ ತಿಂಗಳ ಕತ್ತರಿ ಬಿಸಿಲಿನ ದಿನಗಳು, ಆದರೂ ಫ್ಯಾನ್ ಮೆಲ್ಲಗೇ ತಿರುಗಬೇಕೆಂದು ಅಪ್ಪಣೆಯಾಯಿತು.

ತಪ್ಪುಗಳು ಒಂದೊಂದಾಗಿ ಉದುರಿದವು. ದೀಪಾವಳಿಯ ರಾತ್ರಿ ಬೆಳದಿಂಗಳು ಸುರಿಯುತ್ತಿತ್ತು ಎಂದು ನನ್ನವರು ಬರೆದಿದ್ದರು. "ರಾಯರೇ, ಅಮಾವಾಸ್ಯೆಗೆ ಯಾವ ಚಂದ್ರ?" ಎಂದರು ಜಲಜಾಕ್ಷಿ. ಕಾದಂಬರಿಯ ಮನೆಯ ಯಜಮಾನರು ತೀರಿಕೊಂಡು ವರ್ಷ ತುಂಬುವ ಮೊದಲೇ ಆ ಮನೆಯಲ್ಲಿ ಹೋಳಿಗೆ ಮಾಡಿ ಯುಗಾದಿ ಆಚರಿಸಿದ್ದರು. ಸಾವಾದ ವರ್ಷದಲ್ಲಿ ಹಬ್ಬವೇ ಎಂದು ನಾನೇ ಬೈದೆ. ಇಪ್ಪತ್ತೈದನೇ ಇಸವಿಯಲ್ಲಿ ಒಬ್ಬರು ತಾಂಬರಕ್ಕೆ ಎಲೆಕ್ಟ್ರಿಕ್ ರೈಲಿನಲ್ಲಿ ಹೋಗಿದ್ದರು. ಅದು ಬಂದದ್ದು ಮೂವತ್ತೊಂದರಲ್ಲಿ. ರೈಲ್ವೆ ಗುಮಾಸ್ತರಿಗೆ ಇದೊಂದು ಮಾತ್ರ ನಿಜಕ್ಕೂ ನಾಚಿಕೆಯಾಯಿತು. ಐವತ್ತನೇ ಇಸವಿಯಲ್ಲಿ ಇನ್ನೊಬ್ಬರು ಅಣ್ಣಾ ನಗರದಲ್ಲಿ ಮನೆ ನೋಡಲು ಹೋಗಿದ್ದರು. ಆಗ ಅಲ್ಲಿ ಆ ಹೆಸರೂ ಇರಲಿಲ್ಲ, ಮನೆಗಳೂ ಇರಲಿಲ್ಲ.

ಹೆಸರುಗಳ ವಿಚಾರದಲ್ಲಿ ಜಲಜಾಕ್ಷಿಯದು ಇನ್ನೊಂದು ನಿಯಮ. ಇಬ್ಬರಿಗೆ ಒಂದೇ ಹೆಸರಿರಕೂಡದು. ಸಾಧ್ಯವಾದರೆ ಮುಖ್ಯವಾದ ಇಬ್ಬರ ಹೆಸರು ಒಂದೇ ಅಕ್ಷರದಿಂದ ಶುರುವಾಗಲೂಬಾರದು, ಓದುವವರಿಗೆ ಗೋಜಲಾಗುತ್ತದೆ. ನನ್ನವರು ಮನೆಯವರ ಹೆಸರುಗಳನ್ನೆಲ್ಲ ಬದಲಾಯಿಸಿದ್ದರು, ಎರಡನ್ನು ಬಿಟ್ಟು. ಅಜ್ಜಿಯನ್ನು ರಮಾಬಾಯಿ ಎಂದೇ ಉಳಿಸಿದ್ದರು. ಕೊನೆಯ ಅಧ್ಯಾಯಗಳಲ್ಲಿ ಬರುವ ಮೊಮ್ಮಗನ ಹೆಂಡತಿಯನ್ನು ರುಕ್ಮಾ ಎಂದೇ ಬಿಟ್ಟಿದ್ದರು. "ರಮಾ, ರುಕ್ಮಾ, ಎರಡೂ ರಕಾರ. ಒಂದನ್ನು ಬದಲಾಯಿಸ್ಬೇಕು" ಎಂದು ಜಲಜಾಕ್ಷಿ ಪೆನ್ಸಿಲಿನಲ್ಲಿ ಪ್ರಶ್ನೆಯ ಗುರುತು ಹಾಕಿದರು. ಅದನ್ನು ಆಮೇಲೆ ನೋಡೋಣ ಎಂದರು ನನ್ನವರು. ನನ್ನ ವಿಚಾರವಲ್ಲವೇ, ಆಮೇಲೆಯೇ ನೋಡುವುದು.

ಮೂರನೇ ವಾರ ದೊಡ್ಡದು ಸಿಕ್ಕಿತು.

ಶನಿವಾರ ಮಧ್ಯಾಹ್ನ ಕಚೇರಿಯಿಂದ ಬಂದವರೇ ಕೈಕಾಲು ತೊಳೆಯದೆ ಹಗ್ಗದ ಕೆಳಗೆ ನಿಂತರು. ಎರಡು ಹಾಳೆ ತೆಗೆದು ಅದಲುಬದಲು ಮಾಡಿದರು, ಮತ್ತೆ ಮೊದಲಿನ ಹಾಗೇ ಹಾಕಿದರು. ನನ್ನವರು ಕಾಫಿ ಕುಡಿಯುತ್ತಿದ್ದರು.

"ರಾಯರೇ, ನಿಮ್ಮ ರಮಾಬಾಯಿಗೆ ಮದುವೆ ಆದದ್ದು ಯಾವಾಗ?"

"ಹನ್ನೊಂದನೇ ಇಸವಿ. ದೆಹಲಿ ದರ್ಬಾರು ನಡೆದ ವರ್ಷ. ಹದಿಮೂರು ವಯಸ್ಸು. ಎರಡನೇ ಅಧ್ಯಾಯದಲ್ಲಿ ಇದೆಯಲ್ಲ."

"ಉಂಟು. ಅವರ ದೊಡ್ಡ ಮಗ ಮೆಟ್ರಿಕ್ ಪಾಸಾದದ್ದು ಇಪ್ಪತ್ತೊಂದರಲ್ಲಿ, ಹದಿನಾರು ವಯಸ್ಸಿಗೆ. ಒಂಬತ್ತನೇ ಅಧ್ಯಾಯ. ಅಂದ್ರೆ ಹುಟ್ಟಿದ್ದು ಐದನೇ ಇಸವಿ."

"ಸೆರಿ."

"ಎಂತ ಸರಿ? ಮದುವೆಗೆ ಆರು ವರ್ಷ ಮೊದಲೇ ಮಗ ಹುಟ್ಟಿದ್ದಾನಲ್ಲ."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ನನ್ನವರ ಮುಖ ಮಾತ್ರ ಏಳನೇ ಅಧ್ಯಾಯದಲ್ಲಿ ಸತ್ತ ಆ ಚಿಕ್ಕಪ್ಪನ ಚೀಟಿ ಬಂದ ದಿನದ ಹಾಗೆ ಆಯಿತು.

ಇಸವಿ ತಿದ್ದಿದರೆ ಮುಗಿಯುವ ತಪ್ಪಲ್ಲ ಅದು. ಮದುವೆಯನ್ನು ಹಿಂದಕ್ಕೆ ಸರಿಸಿದರೆ ಕಾದಂಬರಿಯ ಅತ್ಯುತ್ತಮ ಅಧ್ಯಾಯ ಬಿದ್ದುಹೋಗುತ್ತದೆ. ಎಂಡನ್ ಹಡಗಿನ ಅಧ್ಯಾಯ. ಹದಿನಾಲ್ಕನೇ ಇಸವಿ, ನವರಾತ್ರಿ, ಬಂದರಿನ ಎಣ್ಣೆ ತೊಟ್ಟಿಗಳಿಗೆ ಬೆಂಕಿ ಬಿದ್ದು ಊರೆಲ್ಲ ಕೆಂಪಾಗಿದೆ. ಹದಿನಾರರ ರಮಾಬಾಯಿ ಬೊಂಬೆಗಳನ್ನು ಹಾಗೇ ಬಿಟ್ಟು, ಶಾಲೆಗೆ ಹೋಗುವ ಮಗನ ಕೈ ಹಿಡಿದು, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಜನರ ನಡುವೆ ಊರು ಬಿಟ್ಟು ಓಡುತ್ತಾಳೆ. ದಾರಿಯಲ್ಲಿ ಮಗ ಅತ್ತಾಗ ತಾನೂ ಅವನ ಜೊತೆ ಕೂತು ಅಳುತ್ತಾಳೆ. ಇಬ್ಬರೂ ಮಕ್ಕಳೇ. ಅದನ್ನು ಓದಿ ನಾನೇ ಕಣ್ಣೊರೆಸಿಕೊಂಡಿದ್ದೆ. ಎಲ್ಲರೂ ಒರೆಸಿಕೊಂಡೆವು, ಕಳೆಯುವ ಲೆಕ್ಕ ಮಾತ್ರ ಯಾರೂ ಮಾಡಲಿಲ್ಲ. ಹದಿನಾರರ ತಾಯಿಗೆ ಒಂಬತ್ತರ ಮಗ, ಐದರ ಮಗಳು.

"ಇದನ್ನ ನಾನು ಕಲ್ಪಿಸಿದ್ದಲ್ಲ" ಎಂದರು ನನ್ನವರು. "ಅಜ್ಜಿ ಅದೆಷ್ಟು ಸಲ ಹೇಳಿದ್ದಾಳೆ. ಆಗ ನನಗೆ ಹದಿನಾರು ಕಣೋ, ನಿಮ್ಮಪ್ಪನ ಕೈ ಬಿಡಲಿಲ್ಲ ಅಂತ. ಅಜ್ಜಿ ಸುಳ್ಳು ಹೇಳ್ತಾಳಾ?"

"ಅಜ್ಜಿ ಸುಳ್ಳು ಹೇಳಿದ್ರೋ ಇಲ್ಲವೋ ಗೊತ್ತಿಲ್ಲ. ಸ್ಪರ್ಧೆಯವರಂತೂ ಹೇಳ್ತಾರೆ."

ಅರ್ಧ ಗಂಟೆ ಹಗ್ಗದ ಕೆಳಗೆ ಓಡಾಡಿ ಜಲಜಾಕ್ಷಿಯೇ ಉಪಾಯ ಹೇಳಿದರು. ಆ ಅಧ್ಯಾಯದಲ್ಲಿ ಬರುವ ಇಬ್ಬರು ಮಕ್ಕಳನ್ನು ಮೈದುನ, ನಾದಿನಿ ಮಾಡಿಬಿಡುವುದು. ಗಂಡನ ತಮ್ಮ, ತಂಗಿ. ದೊಡ್ಡ ಮಗ ಆಮೇಲೆ ಹುಟ್ಟಲಿ, ಮೆಟ್ರಿಕ್ ಹತ್ತು ವರ್ಷ ಮುಂದಕ್ಕೆ ಹೋಗಲಿ. ನಾಲ್ಕು ಹಾಳೆ ತಿದ್ದಿದರೆ ಸಾಕು, ಹಗ್ಗ ಸರಿಯಾಗಿ ನಿಲ್ಲುತ್ತದೆ. ನನ್ನವರಿಗೆ ಹೋದ ಜೀವ ಬಂತು. ಅದೇ ಸಂಜೆ ಶುದ್ಧಪ್ರತಿ ಬರೆಯಲು ಕೂತರು.

ಜಲಜಾಕ್ಷಿ ಮೂರು ದಿನ ಕೆಳಗೆ ಬರಲಿಲ್ಲ. ನಾಲ್ಕನೇ ದಿನ ನಾನು ಮೊಟ್ಟೆಮಾಡಿಯ ಮೇಲೆ, ಅಂದರೆ ತಾರಸಿಯಲ್ಲಿ, ವಡಾಂ ಸಂಡಿಗೆ ಒಣಹಾಕುತ್ತಿದ್ದಾಗ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ನಾನು ತಪ್ಪು ಮಾಡಿದೆ ಮಾರಾಯ್ರೆ" ಎಂದರು.

"ಲೆಕ್ಕ ಸರಿಯಾಯ್ತಲ್ಲ?"

"ಅದೇ ತಪ್ಪು. ನಮ್ಮ ಆಫೀಸಿನಲ್ಲಿ ಎರಡು ಕಾಗದ ತಾಳೆ ಆಗದಿದ್ರೆ ಯಾವುದನ್ನೂ ತಿದ್ದುವ ಹಾಗಿಲ್ಲ. ಯಾಕೆ ತಾಳೆ ಆಗ್ಲಿಲ್ಲ ಅಂತ ಮೊದಲು ಕೇಳ್ಬೇಕು. ಚಂದ್ರನ ತಪ್ಪು ರಾಯರದ್ದು, ರೈಲಿನ ತಪ್ಪು ರಾಯರದ್ದು. ಇದು ಮಾತ್ರ ಅಜ್ಜಿಯ ಬಾಯಿಂದ ಬಂದದ್ದು. ಅಜ್ಜಿ ಪ್ರತಿ ಸಲವೂ ಹದಿನಾರು ಅಂತಲೇ ಹೇಳಿದ್ದಾರೆ. ಸುಳ್ಳು ಹೇಳುವವರು ಒಂದೇ ಥರ ಹೇಳುದಿಲ್ಲ." ಆಮೇಲೆ ಕೇಳಿದರು, "ನಿಮ್ಮ ಮಾವ ನಿಜವಾಗಿ ಹುಟ್ಟಿದ್ದು ಯಾವಾಗ?"

"ಐದನೇ ಇಸವಿಯೇ. ಅವರ ಪೆನ್ಷನ್ ಕಾಗದದಲ್ಲಿ ನೋಡಿದ್ದೇನೆ."

"ಅಜ್ಜಿ ತೀರಿಕೊಂಡಾಗ?"

"ಐವತ್ತೆಂಟರಲ್ಲಿ. ಅರವತ್ತು ಅಂದರು."

ಹೇಳಿದ ಮೇಲೆ ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ನಿಂತಿತು. ಹಾಗಾದರೆ ಅಜ್ಜಿ ಹುಟ್ಟಿದ್ದು ತೊಂಬತ್ತೆಂಟರಲ್ಲಿ. ಅಜ್ಜಿಗೂ ಮಾವನವರಿಗೂ ಏಳೇ ವರ್ಷದ ಅಂತರ. ಮೂರು ವರ್ಷ ಅವರ ಜೊತೆ ಅಡುಗೆಮನೆಯಲ್ಲಿ ಕೂತು ತರಕಾರಿ ಹೆಚ್ಚಿದವಳು ನಾನು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರೆ ನಲವತ್ತಕ್ಕೂ ಎಂಬತ್ತಕ್ಕೂ ಏನು ವ್ಯತ್ಯಾಸ ಕಾಣುತ್ತದೆ? ನಾವು ಯಾರೂ ಅವರ ಮುಖ ನೋಡಿರಲೇ ಇಲ್ಲ.

ಮಾವನವರು ಆಗಲೇ ತೀರಿಕೊಂಡಿದ್ದರು. ಕೇಳಲು ಉಳಿದಿದ್ದವರು ಒಬ್ಬರೇ, ಅವರ ತಂಗಿ ಅಮ್ಮಣ್ಣಿ. ಎಂಡನ್ ಅಧ್ಯಾಯದಲ್ಲಿ ಸೊಂಟದ ಮೇಲೆ ಕೂತಿದ್ದ ಆ ಐದು ವರ್ಷದ ಮಗಳೇ ಅವರು. ಈಗ ಎಪ್ಪತ್ತರ ಹತ್ತಿರ, ಕ್ರೋಂಪೇಟೆಯಲ್ಲಿ ಮಗಳ ಮನೆಯಲ್ಲಿದ್ದರು. ನನ್ನವರು ಬರಲು ಒಪ್ಪಲಿಲ್ಲ. ಕೊನೆಯ ದಿನ ಹತ್ತಿರ ಬಂದಿದೆ, ಸರಿಹೋದದ್ದನ್ನು ಮತ್ತೆ ಯಾಕೆ ಕೆಡಿಸುತ್ತೀರಿ ಎಂದು ರೇಗಿದರು. "ನಿಮ್ಮಜ್ಜಿ ಸುಳ್ಳು ಹೇಳಿದ್ರು ಅಂತ ಇಟ್ಕೊಂಡೇ ಕಳಿಸ್ತೀರಾ?" ಎಂದು ಕೇಳಿದೆ. ಚಪ್ಪಲಿ ಹಾಕಿಕೊಂಡರು.

ಭಾನುವಾರ ಚೇಟ್‌ಪೇಟೆಯಲ್ಲಿ ರೈಲು ಹತ್ತಿ ಕ್ರೋಂಪೇಟೆಯಲ್ಲಿ ಇಳಿದೆವು. ಚರ್ಮ ಹದಮಾಡುವ ಕಡೆಯಿಂದ ಗಾಳಿ ಬೀಸುತ್ತಿತ್ತು, ಮೂಗು ಮುಚ್ಚಿಕೊಂಡೇ ನಡೆದೆವು. ಅಮ್ಮಣ್ಣಿ ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. "ವಾಡಾ ಕಣ್ಣಾ, ಬಾರೋ, ದಾರಿ ತಪ್ಪಿ ಬಂದ್ಯಾ?" ಎಂದರು ನನ್ನವರಿಗೆ. ಒಳಗಿನಿಂದ ಮಗಳು ಅಂಬುಜಾ ಚಾಪೆ ತಂದು ಹಾಸಿ, ಕಾಫಿಗೆಂದು ಮತ್ತೆ ಒಳಗೆ ಹೋದಳು.

ನನ್ನವರು ಹವಾಮಾನ, ಮೊಣಕಾಲು ನೋವು ಎಂದು ಸುತ್ತು ಹಾಕತೊಡಗಿದರು. ಜಲಜಾಕ್ಷಿಗೆ ಆ ತಾಳ್ಮೆ ಎಲ್ಲಿ. "ಅಮ್ಮ, ಎಂಡನ್ ಬಂದಾಗ ನಿಮ್ಮನ್ನು ಎತ್ತಿಕೊಂಡು ಓಡಿದವರಿಗೆ ಹದಿನಾರು ವಯಸ್ಸು. ನಿಮಗೆ ಐದು. ಇದು ಹೇಗೆ ಅಂತ ಕೇಳ್ಲಿಕ್ಕೆ ಬಂದದ್ದು" ಎಂದರು.

ಅಮ್ಮಣ್ಣಿ ಅತ್ತೆ ಅವರನ್ನು ಮೇಲಿನಿಂದ ಕೆಳಗೆ ನೋಡಿದರು.

"ಇಷ್ಟು ವರ್ಷಕ್ಕೆ ಒಬ್ಬರಾದರೂ ಲೆಕ್ಕ ಹಾಕಿದರಲ್ಲ" ಎಂದರು. "ಅವಳು ನನ್ನ ಹೆತ್ತವಳಲ್ಲಮ್ಮಾ. ನನ್ನನ್ನೂ ನಮ್ಮಣ್ಣನನ್ನೂ ಹೆತ್ತವಳು ಬೇರೆ. ನಾನು ಒಂದು ವರ್ಷದ ಕೂಸಾಗಿದ್ದಾಗ ಜ್ವರ ಬಂದು ಹೋದಳು. ಮುಂದಿನ ವರ್ಷ ಅಪ್ಪ ಇವಳನ್ನ ತಂದರು."

ನನ್ನವರು ಚಾಪೆಯ ಮೇಲೆ ನೆಟ್ಟಗೆ ಕೂತರು. "ಆದರೆ ಅಜ್ಜಿ ಹೆಸರು ರಮಾಬಾಯಿ. ಪಕ್ಷಮಾಸದ ತರ್ಪಣದಲ್ಲಿ ಅಪ್ಪನೂ ತಾಯಿ ಅಂತ ರಮಾ ಹೆಸರೇ ಹೇಳ್ತಿದ್ದರು."

"ಇಬ್ಬರೂ ರಮಾಬಾಯಿಯೇ ಕಣೋ. ನಮ್ಮಪ್ಪನ ಹೆಸರು ತಿರುಮಲ. ತಿರುಮಲನ ಹೆಂಡತಿಗೆ ರಮಾ ಅಂತ ಬಿಟ್ಟು ಬೇರೆ ಏನು ಇಡ್ತಾರೆ? ಮೊದಲನೆಯವಳಿಗೂ ಅಕ್ಕಿಯಲ್ಲಿ ಅದನ್ನೇ ಬರೆದರು, ಎರಡನೆಯವಳಿಗೂ ಅದನ್ನೇ ಬರೆದರು. ಮಲತಾಯಿ ಅನ್ನೋ ಮಾತು ಈ ಮನೆಯಲ್ಲಿ ಯಾರೂ ಆಡಕೂಡದು ಅಂತ ಅಪ್ಪನ ಕಟ್ಟಪ್ಪಣೆ. ಹೆಸರು ಒಂದೇ ಆದ್ದರಿಂದ ಮುಚ್ಚೋದೂ ಸುಲಭವಾಯ್ತು. ನಿಮ್ಮಪ್ಪನಿಗೆ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ. ಇವಳು ನಮ್ಮನ್ನ ಸಾಕಿದ ರೀತಿಗೆ ಬಿಡೋ ಹಾಗೂ ಇರಲಿಲ್ಲ."

ನನ್ನವರು ಅತ್ತೆಯ ಹತ್ತಿರಕ್ಕೆ ಸರಿದರು. "ಹಾಗಾದರೆ ನಾನು ಇಷ್ಟು ವರ್ಷ ಪಿಂಡ ಇಟ್ಟಿದ್ದು ಯಾರಿಗೆ ಅತ್ತೆ?"

"ಒಂದೇ ಹೆಸರಲ್ಲಿ ಇಬ್ಬರೂ ಊಟ ಮಾಡಿರ್ತಾರೆ, ಬಿಡು. ಅವರೇನು ಜಗಳ ಆಡೋರಲ್ಲ."

ಅತ್ತೆ ನಕ್ಕರು. ನಮಗೆ ಯಾರಿಗೂ ನಗಲಾಗಲಿಲ್ಲ. ಹೆತ್ತವಳೊಬ್ಬಳು ಅರವತ್ತೆಂಟು ವರ್ಷ ಇನ್ನೊಬ್ಬಳ ಹೆಸರಿನ ಕೆಳಗೆ ಕಾಣದೆ ಕೂತಿದ್ದಳು. ಜಲಜಾಕ್ಷಿ ಸೂಚಿಸಿದ ಹಾಗೆ ನಾಲ್ಕು ಹಾಳೆ ತಿದ್ದಿ ಕಳಿಸಿದ್ದರೆ ಆಕೆ ಅಲ್ಲೇ ಉಳಿಯುತ್ತಿದ್ದಳು. ಅದು ಜಲಜಾಕ್ಷಿಗೂ ತಟ್ಟಿತು ಎಂದು ಅವರ ಮುಖ ನೋಡಿ ನನಗೆ ತಿಳಿಯಿತು. ಆದರೂ ಅವರ ಬಾಯಿಂದ ಬಂದದ್ದು ಕೆಲಸದ ಪ್ರಶ್ನೆಯೇ.

"ಕಾದಂಬರಿಯಲ್ಲಿ ಇಬ್ಬರಿಗೆ ಒಂದೇ ಹೆಸರಿದ್ದರೆ ಓದುವವರಿಗೆ ತಿಳಿಯುದಿಲ್ಲಮ್ಮ. ಮೊದಲನೆಯವರಿಗೆ ತವರಿನಲ್ಲಿ ಏನು ಹೆಸರಿತ್ತು?"

"ಒಂದು ವರ್ಷದ ಕೂಸಿಗೆ ಏನು ಗೊತ್ತಿರತ್ತೆ" ಎಂದರು ಅತ್ತೆ. "ನನ್ನ ಮದುವೆಯಲ್ಲಿ ಅಪ್ಪನನ್ನ ಕೇಳಿದೆ. ರಮಾಬಾಯಿ, ಮತ್ತೇನು, ಅಂದರು. ಆಮೇಲೆ ನನಗೆ ಮಗಳು ಹುಟ್ಟಿದಾಗ ಇವಳು ಬಾಣಂತನಕ್ಕೆ ಬಂದಿದ್ದಳು. ಎರಡನೆಯವಳು, ನಮ್ಮನ್ನ ಸಾಕಿದವಳು. ನಾಮಕರಣದ ದಿನ ಯಾರ ಮಾತೂ ಕೇಳದೆ ಕೂಸಿನ ಕಿವಿಯಲ್ಲಿ ತಾನೇ ಒಂದು ಹೆಸರು ಹೇಳಿಬಿಟ್ಟಳು. ರಾತ್ರಿ ನನ್ನ ತಲೆ ಬಾಚುತ್ತಾ ಹೇಳಿದಳು. ಇದು ನಿಮ್ಮಮ್ಮನ ಹೆಸರು, ನಾನು ಹಟ ಮಾಡಿ ಅವಳ ತವರಿನವರನ್ನ ಕೇಳಿ ತಿಳಿದುಕೊಂಡೆ. ಅವಳಿಗೆ ಕೊಟ್ಟ ಹೆಸರನ್ನ ನಾನು ಉಟ್ಟುಕೊಂಡಿದ್ದೇನೆ, ಅವಳದ್ದೇ ಆದದ್ದು ಒಂದಾದರೂ ಮನೆಯಲ್ಲಿ ಓಡಾಡಲಿ, ಅಂತ."

ಅಷ್ಟರಲ್ಲಿ ಅಂಬುಜಾ ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಅತ್ತೆ ಗದ್ದ ಎತ್ತಿ ಅವಳ ಕಡೆ ತೋರಿಸಿದರು.

ಅಂಬುಜಾ ಬಾಗಿಲಲ್ಲೇ ನಿಂತಳು. ಅವಳಿಗೂ ಅದು ಅಂದೇ ಗೊತ್ತಾದದ್ದು. "ನನ್ನ ಹೆಸರು ಅಜ್ಜೀದಾ?" ಎಂದು ತಮಿಳಿನಲ್ಲಿ ಕೇಳಿದಳು. ನನ್ನವರು ಎದ್ದು ಅವಳ ಕೈಯಿಂದ ತಟ್ಟೆ ಇಸಿದುಕೊಂಡರು. ಕಾಫಿ ಚೆಲ್ಲಿತು, ಯಾರೂ ಒರೆಸಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ನಾನು ಅಡುಗೆಮನೆಯ ಅಜ್ಜಿಯನ್ನು ನೆನೆಯುತ್ತಿದ್ದೆ. ಮೊದಲು ನಿನ್ನ ಹೆಸರೇನಿತ್ತಮ್ಮ ಎಂದು ಅವರೊಬ್ಬರೇ ಯಾಕೆ ಕೇಳಿದ್ದರು ಎಂದು ಈಗ ತಿಳಿಯಿತು. ಆ ಹೆಂಗಸಿನ ಮೇಲೆ ನನಗೆ ಬಹಳ ಪ್ರೀತಿ ಬಂತು, ಇಪ್ಪತ್ತು ವರ್ಷ ತಡವಾಗಿ.

ಆ ಮೇಲೆ ಕೆಲಸವೋ ಕೆಲಸ. ನನ್ನವರು ರಜೆ ಹಾಕಿದರು. ಮೈದುನ, ನಾದಿನಿ ಇಬ್ಬರನ್ನೂ ಕಿತ್ತುಹಾಕಿ ಮಕ್ಕಳನ್ನು ಮತ್ತೆ ಮಕ್ಕಳು ಮಾಡಿದರು. ಎರಡನೇ ಅಧ್ಯಾಯಕ್ಕೆ ಮುಂಚೆ ಹೊಸದೊಂದು ಅಧ್ಯಾಯ ಬಂತು, ಅಂಬುಜಾ ಎಂಬ ಹುಡುಗಿಯ ಹೆಸರನ್ನು ಅಕ್ಕಿಯಲ್ಲಿ ಅಳಿಸುವುದು. ಎಂಡನ್ ಅಧ್ಯಾಯದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಹದಿನಾರರ ಹುಡುಗಿ ಹೆರದ ಮಗುವಿನ ಕೈ ಬಿಡದೆ ಓಡುತ್ತಾಳೆ, ಅಷ್ಟೇ. ಮೊದಲಿಗಿಂತ ಈಗ ಇನ್ನೂ ಜಾಸ್ತಿ ಅಳು ಬಂತು. ಹೊಸ ಅಧ್ಯಾಯ ಸೇರಿದ್ದಕ್ಕೆ ಜಲಜಾಕ್ಷಿ ಎಲ್ಲ ಇಸವಿಗಳನ್ನೂ ಮತ್ತೊಮ್ಮೆ ಮೊದಲಿನಿಂದ ನೋಡಿದರು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಹೊಸ ತಪ್ಪು ಹುಟ್ಟುತ್ತದಂತೆ. ಹುಟ್ಟಿತ್ತು ಕೂಡ. ತಾಯಿ ಸತ್ತ ವರ್ಷ ಅಮ್ಮಣ್ಣಿಯ ಪಾತ್ರಕ್ಕೆ ಮೂರು ವಯಸ್ಸು ಎಂದು ನನ್ನವರು ಬರೆದುಬಿಟ್ಟಿದ್ದರು.

ಕಳಿಸುವ ಹಿಂದಿನ ದಿನ ಪೆನ್ಸಿಲಿನ ಒಂದೇ ಒಂದು ಪ್ರಶ್ನೆಯ ಗುರುತು ಉಳಿದಿತ್ತು. ರಮಾ, ರುಕ್ಮಾ. ನನ್ನವರು ಸ್ನಾನಕ್ಕೆ ಹೋಗಿದ್ದರು. ಜಲಜಾಕ್ಷಿ ಹಾಳೆಯನ್ನು ನನ್ನ ಮುಂದೆ ತಳ್ಳಿದರು. "ರಮಾಬಾಯಿಯನ್ನು ಇನ್ನು ಮುಟ್ಲಿಕ್ಕೆ ಆಗುದಿಲ್ಲ. ರುಕ್ಮಾಗೆ ಬೇರೆ ಹೆಸರು ಬೇಕು. ನೀವೇ ಹೇಳಿ."

ನಾನು ಪೆನ್ನು ತೆಗೆದುಕೊಂಡು ರುಕ್ಮಾ ಎನ್ನುವುದನ್ನು ಹೊಡೆದು ಮೇಲೆ ಕಲಾವತಿ ಎಂದು ಬರೆದೆ. ಜಲಜಾಕ್ಷಿ ಅದು ಯಾರು ಎಂದು ಕೇಳಲಿಲ್ಲ. ಆ ಹೆಸರಿನವರು ಬೇರೆ ಯಾರೂ ಕಾದಂಬರಿಯಲ್ಲಿಲ್ಲವೆಂದು ನೋಡಿಕೊಂಡು, ಬಾಕಿ ಪುಟಗಳಲ್ಲೂ ತಿದ್ದಿದರು. ನನ್ನವರು ಬಂದು ಓದಿದರು. ಶುದ್ಧಪ್ರತಿಯಲ್ಲಿ ಹಾಗೇ ಬರೆದುಕೊಂಡರು. ನನಗೆ ಸಿಟ್ಟು ಬಂತು. ಒಂದು ಮಾತಾದರೂ ಆಡಬಹುದಿತ್ತಲ್ಲ. ರಿಜಿಸ್ಟರ್ಡ್ ಅಂಚೆಗೆ ಹಾಕಿ ಬಂದ ಮೇಲೂ "ರುಕ್ಮಾ, ಕಾಫಿ" ಎಂದೇ ಕೂಗಿದರು. ಕೊಟ್ಟೆ.

ನವರಾತ್ರಿಯಲ್ಲಿ ಪತ್ರ ಬಂತು. ನಾನು ಬೊಂಬೆಗಳಿಗೆ ಕಡಲೆಯ ಸುಂಡಲ್ ನೈವೇದ್ಯ ಇಡುತ್ತಿದ್ದೆ, ಜಲಜಾಕ್ಷಿ ತಟ್ಟೆಗೆ ತೆಂಗಿನಕಾಯಿ ತುರಿಯುತ್ತಿದ್ದರು. ಗೇಟಿನ ಹತ್ತಿರ ಅಂಚೆಯವನ ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಅಂಗಳದಿಂದ ನನ್ನವರ ದನಿ ಕೇಳಿಸಿತು, "ಕಲಾವತೀ, ಕಲಾವತೀ" ಎಂದು.

ಆ ಹೆಸರಿನವರು ಯಾರೋ ಕುಂಕುಮಕ್ಕೆ ಬಂದಿದ್ದಾರೆ ಎಂದುಕೊಂಡು ನಾನು ಇನ್ನೊಂದು ಮಣೆ ಹಾಕಿದೆ. ಹೊಸ್ತಿಲಲ್ಲಿ ನೋಡಿದರೆ ಯಾರೂ ಇಲ್ಲ. ಅವರೊಬ್ಬರೇ, ಕೈಯಲ್ಲಿ ಕಾಗದ. ಎರಡನೇ ಬಹುಮಾನ, ದೀಪಾವಳಿಯ ಮೇಲೆ ವಾರವಾರ ಅಚ್ಚಾಗುತ್ತದೆ. "ನಿನ್ನನ್ನೇ ಕರೆದದ್ದು" ಎಂದರು ನೆಲ ನೋಡುತ್ತಾ. "ಅಂದಿನಿಂದ ಕರೆಯೋಣ ಅಂತಲೇ ಇದ್ದೆ. ನಾಲಿಗೆ ತಿರುಗಲಿಲ್ಲ."

ನಾನು ಹಾಕಿದ ಮಣೆಯ ಮೇಲೆ ನಾನೇ ಕೂತುಬಿಟ್ಟೆ. ಅಳು ಬಂತು, ಅತ್ತುಬಿಟ್ಟೆ. ಬಹುಮಾನಕ್ಕಲ್ಲ.

ಜಲಜಾಕ್ಷಿ ತುರಿಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು. "ಒಳ್ಳೇದಾಯ್ತು ಮಾರಾಯ್ರೆ" ಎಂದರು. "ಆದರೆ ರೇಷನ್ ಕಾರ್ಡಿನಲ್ಲಿ ರುಕ್ಮಾಬಾಯಿ ಅಂತ ಉಂಟಲ್ಲ. ನಾಳೆಯೇ ತಿದ್ದಿಸಿ. ಇಲ್ಲದಿದ್ದರೆ ಮುಂದೆ ಯಾರಾದರೂ ಲೆಕ್ಕ ಹಾಕಿ, ಈ ಮನೆಯಲ್ಲಿ ಇಬ್ಬರು ಹೆಂಗಸರಿದ್ದರು ಅಂತ ತಿಳಿದುಕೊಳ್ತಾರೆ."

ಕಾಗದದ ವಯಸ್ಸಿನ ಪ್ರಕಾರ ಎರಡು ವರ್ಷ ಮುಂಚೆಯೇ ನಿವೃತ್ತಿಯಾಗಿ ಅವರು ಉಡುಪಿಗೆ ಹೋಗಿ ಈಗ ಎರಡು ವರ್ಷವಾಯಿತು. ಹೋಗುವ ಮುಂಚೆ ನಮ್ಮ ರೇಷನ್ ಕಾರ್ಡು ತರಿಸಿ ನೋಡಿದರು. ಕಲಾವತಿ ಎಂದೇ ಇತ್ತು. ವಯಸ್ಸು ತಪ್ಪಾಗಿತ್ತು, ಅದನ್ನು ಹಾಗೇ ಬಿಡಿ ಎಂದೆ.